ಅಜ್ಜಿಯ ಮೂಗಿನ ನಳಿಗೆ

ಪಾರ್ಶ್ವವಾಯುವಿನಿಂದ ಅಜ್ಜಿಗೆ ನುಂಗಲಾಗುತ್ತಿರಲಿಲ್ಲ. ಮೂಗಿನಿಂದ ಹೊಟ್ಟೆಗಿಳಿದ ರೈಲ್ಸ್ ಟ್ಯೂಬ್ ಕಂಡು ಅಮ್ಮ, "ಗ್ಲೂಕೋಸ್ ಹಾಕಿದರೆ ಸಾಲದೇ?" ಎಂದಳು. ಅರ್ಧ ಲೀಟರಿನ ಆ ಬಾಟಲಿಯಲ್ಲಿರುವುದು 25 ಗ್ರಾಂ ಸಕ್ಕರೆ, ಅದು ಊಟವಲ್ಲ. ಪೂರ್ಣ ಆಹಾರವನ್ನೂ ರಕ್ತಕ್ಕೇ ಕೊಡಬಹುದು. ಆದರೆ ದೊಡ್ಡ ರಕ್ತನಾಳಕ್ಕೆ ಹಾಕಿದ ನಳಿಗೆಗೆ ಸೋಂಕು ತಗುಲಿದರೆ ಅದು ನೇರ ರಕ್ತದಲ್ಲಿ ಹರಡುತ್ತದೆ. ಕರುಳೇ ಕೆಲಸ ನಿಲ್ಲಿಸಿದವರಿಗೆ ಆ ದಾರಿ ಅನಿವಾರ್ಯ. ಅಜ್ಜಿಯ ಕರುಳು ಚೆನ್ನಾಗಿತ್ತು, ಸೋತಿದ್ದು ಗಂಟಲು.

ಟ್ಯೂಬಿನಲ್ಲೂ ಅಪಾಯವಿದೆ. ಮಲಗಿಸಿ ಕೊಟ್ಟರೆ ಆಹಾರ ಮೇಲೆ ಬಂದು ಶ್ವಾಸಕೋಶ ಸೇರಬಹುದು. ಅದಕ್ಕೇ ಬೆನ್ನಿಗೆ ದಿಂಬು ಕೊಟ್ಟು ಕೂರಿಸುತ್ತಿದ್ದೆವು.

ಮೂರನೇ ವಾರ ನುಂಗುವ ಪರೀಕ್ಷೆಯಾದ ಮೇಲೆ ಒಂದು ಚಮಚ ಗಟ್ಟಿ ರಾಗಿ ಸರಿ ಕೊಟ್ಟರು. ನೀರು ಬೇಗ ಜಾರಿ ಶ್ವಾಸನಾಳಕ್ಕೆ ಹೋಗುತ್ತದೆ, ಗಟ್ಟಿಯಾದದ್ದು ನಿಧಾನ. ಅಜ್ಜಿ ಕೆಮ್ಮಲಿಲ್ಲ, ದನಿ ಗೊರಗೊರ ಎನ್ನಲಿಲ್ಲ. ಆದರೂ ಬಾಯಿಂದಲೇ ಸಾಕಷ್ಟು ತಿನ್ನುವವರೆಗೆ ಟ್ಯೂಬ್ ತೆಗೆಯಲಿಲ್ಲ.