ನಮ್ಮ ಮನೆಯ ಖರ್ಚಿನ ವೃತ್ತ

ತಿ. ನರಸೀಪುರದ ಸಂಗಮದ ಬಳಿ ನಮಗೆ ಸ್ವಲ್ಪ ಗದ್ದೆಯಿದೆ. ಅರ್ಥಶಾಸ್ತ್ರದ ತರಗತಿಗೆಂದು ಮನೆಯ ವರ್ಷದ ಖರ್ಚನ್ನು ವೃತ್ತನಕ್ಷೆಯಲ್ಲಿ ಬರೆಯಬೇಕಾಗಿತ್ತು. ಊಟ-ಬಟ್ಟೆಗೆ ಶೇಕಡಾ 45, ಬೇಸಾಯಕ್ಕೆ 20, ಸಾಲದ ಬಡ್ಡಿಗೆ 27, ನನ್ನ ಓದಿಗೆ 8. ಕೋನಮಾಪಕ ಹಿಡಿದು 45 ಡಿಗ್ರಿಗೇ ಮೊದಲ ಗೆರೆಯೆಳೆದೆ. ನಾಲ್ಕು ಪಾಲೂ ಮುಗಿದಾಗ ವೃತ್ತದ ಮುಕ್ಕಾಲು ಪಾಲಿನಷ್ಟು ಖಾಲಿ! ನೂರು ಪಾಲನ್ನು 360 ಡಿಗ್ರಿಗೆ ಹಂಚಬೇಕೆಂಬುದನ್ನೇ ಮರೆತಿದ್ದೆ. ಶೇಕಡಾ ಒಂದಕ್ಕೆ 3.6 ಡಿಗ್ರಿ. ಹಾಗೆ ಗುಣಿಸಿದಾಗ 162, 72, 97.2, 28.8 ಬಂದವು, ಕೂಡಿದರೆ ಸರಿಯಾಗಿ 360. ಕೋನಮಾಪಕದಲ್ಲಿ ದಶಾಂಶ ಕಾಣದಾದ್ದರಿಂದ ಕೊನೆಯೆರಡನ್ನು 97, 29 ಎಂದು ಎಳೆದೆ.

ಅಪ್ಪನಿಗೆ ಅಕ್ಷರ ಬಾರದು. ನಕ್ಷೆಯನ್ನು ನೋಡಿ, “ಇದ್ಯಾವ್ದು ಮಗ, ಇಷ್ಟು ದಪ್ಪ?” ಎಂದರು. ಬಡ್ಡಿಯೆಂದೆ.

“ಕಾಲುಭಾಗ ಅಂದ್ಕೊಂಡಿದ್ದೆ. ನಿನ್ನ ಗೆರೆ ತಪ್ಪಿರ್ಬೇಕು.”

ಅವರೆದುರೇ ಮತ್ತೆ ಅಳೆದೆ. 97ನ್ನು 3.6ರಿಂದ ಭಾಗಿಸಿದರೆ 26.9. ಒಂದು ಡಿಗ್ರಿ ತಪ್ಪಿದರೂ ಶೇಕಡಾ 0.28ರಷ್ಟೇ ವ್ಯತ್ಯಾಸ, ಕಾಲುಭಾಗವೆಂದರೆ 90 ಡಿಗ್ರಿ, ಅಷ್ಟು ದೂರ ನನ್ನ ಕೈ ಜಾರಿರಲಿಲ್ಲ. ಅಪ್ಪ ಬೇಸಾಯದ ಪಾಲಿನ ಮೇಲೊಮ್ಮೆ, ಬಡ್ಡಿಯ ಪಾಲಿನ ಮೇಲೊಮ್ಮೆ ಬೆರಳಾಡಿಸುತ್ತ ಬಹಳ ಹೊತ್ತು ಕುಳಿತರು. ನನ್ನ 29 ಡಿಗ್ರಿಯ ವಿಷಯವನ್ನು ಮಾತ್ರ ಅವರು ಕೇಳಲಿಲ್ಲ.