ಕೈಪಟ್ಟಿಯಲ್ಲಿ ಉಳಿದ ದುಡ್ಡು

ಬೆಂಗಳೂರಿನ ಒಂದು ಸಂಗೀತ ಮೇಳದಲ್ಲಿ ತಿಂಡಿ ಅಂಗಡಿಯವರು ನೋಟು ಮುಟ್ಟಲಿಲ್ಲ. ಕೌಂಟರಿನಲ್ಲಿ ನಾವು 500 ರೂಪಾಯಿ ಕೊಟ್ಟೆವು. ಮೊಬೈಲ್ ನಂಬರ್ ಬರೆದುಕೊಂಡು ಕೈಗೊಂದು ಪಟ್ಟಿ ಕಟ್ಟಿದರು.

ಪಟ್ಟಿಯೊಳಗೆ ಬ್ಯಾಟರಿ ಇಲ್ಲದ ಸಣ್ಣ ಚಿಪ್ ಇರುತ್ತದೆ. ಅಂಗಡಿಯ ಯಂತ್ರದ ಹತ್ತಿರ ಹಿಡಿದರೆ ಅದು ತನ್ನ ನಂಬರ್ ತಿಳಿಸುತ್ತದೆ, ಆ ಲೆಕ್ಕದಿಂದ ದುಡ್ಡು ಕಳೆಯುತ್ತದೆ. ಪಿನ್ ಕೇಳುವುದಿಲ್ಲ. ಹಾಗಾಗಿ ಪಟ್ಟಿ ಬಿದ್ದುಹೋದರೆ ಸಿಕ್ಕವರೂ ಖರ್ಚು ಮಾಡಬಹುದು. ಮೊಬೈಲ್ ನಂಬರ್ ಕೊಟ್ಟಿದ್ದರೆ ಕೌಂಟರಿನಲ್ಲಿ ಹೇಳಿ ಬಂದ್ ಮಾಡಿಸಲು ದಾರಿ ಇರುತ್ತದೆ.

ನಾವು ತಿಂದದ್ದು 410 ರೂಪಾಯಿಗೆ, ಉಳಿದದ್ದು 90. ಪಟ್ಟಿಯ ಶುಲ್ಕವೆಂದು 50 ಹಿಡಿದು 40 ವಾಪಸ್ ಕೊಟ್ಟರು. ಆ ಕೌಂಟರ್ ಮುಚ್ಚಿದ ಮೇಲೆ ಬಂದವರಿಗೆ ಅದೂ ಸಿಗಲಿಲ್ಲ. ದುಡ್ಡು ಹಾಕುವ ಮೊದಲೇ ಕೇಳಿ: ಎಷ್ಟು ಹಿಡಿಯುತ್ತೀರಿ, ಎಷ್ಟು ಗಂಟೆವರೆಗೆ ವಾಪಸ್ ಕೊಡುತ್ತೀರಿ?