ಓಲೆಯ ಪಾಲಿಗೆ ಬಂದ ಪಿಕ್ಸೆಲ್ಲುಗಳು

ನಮ್ಮ ಹಳೆಯ ಹಸ್ತಪ್ರತಿಗಳಲ್ಲಿ ಗ್ರಂಥಸಂಖ್ಯೆಯನ್ನು ಹೇಳುವ ರೂಢಿಯಿದೆ. ಮೂವತ್ತೆರಡು ಅಕ್ಷರಗಳಿಗೆ ಒಂದು ಗ್ರಂಥವೆಂಬುದು ಲೆಕ್ಕ. ವೀರಸೇನಾಚಾರ್ಯರ ಧವಳಾ ಟೀಕೆಯ ಪ್ರಮಾಣ 72,000 ಗ್ರಂಥವೆಂದು ಪರಂಪರೆ ಹೇಳುವುದು ಈ ಅಳತೆಯಿಂದಲೇ. ಇದರಿಂದ ಕೃತಿಯ ಗಾತ್ರ ತಿಳಿಯುತ್ತದೆಯೇ ಹೊರತು, ಅದನ್ನು ಎಷ್ಟು ಉದ್ದದ ಓಲೆಯಲ್ಲಿ ಬರೆದರು, ಅಕ್ಷರ ಎಷ್ಟು ದಪ್ಪವಿತ್ತು ಎಂಬುದು ತಿಳಿಯುವುದಿಲ್ಲ. ಛಾಯಾಚಿತ್ರದ ಮೆಗಾಪಿಕ್ಸೆಲ್ ಕೂಡ ಇಂತಹುದೇ ಎಣಿಕೆ. ಚಿತ್ರದಲ್ಲಿರುವ ಬಣ್ಣದ ಚುಕ್ಕೆಗಳನ್ನು ಪಿಕ್ಸೆಲ್ ಎನ್ನುತ್ತಾರೆ. ಹತ್ತು ಲಕ್ಷ ಪಿಕ್ಸೆಲ್ ಒಂದು ಮೆಗಾಪಿಕ್ಸೆಲ್. ಆ ಚುಕ್ಕೆಗಳು ಎಷ್ಟು ಅಗಲದ ಕಾಗದದ ಮೇಲೆ ಹರಡುತ್ತವೆ ಎಂಬುದನ್ನು ಅದು ಹೇಳುವುದಿಲ್ಲ.

ಗ್ರಂಥಸಂಪಾದನೆಯಲ್ಲಿ ತೊಡಗಿರುವ ನನ್ನ ವಿದ್ಯಾರ್ಥಿಗಳು ತಾಳೆಯೋಲೆಗಳ ಚಿತ್ರಗಳನ್ನು ತಂದು, ‘ಇದು ಹನ್ನೆರಡು ಮೆಗಾಪಿಕ್ಸೆಲ್ ಕ್ಯಾಮರಾದ್ದು’ ಎನ್ನುತ್ತಾರೆ. ನಾನು ಕೇಳುವುದು, ಅದರಲ್ಲಿ ಓಲೆಯ ಪಾಲು ಎಷ್ಟು ಎಂದು.

ಲೆಕ್ಕ ಮಾಡಿ ನೋಡೋಣ. ಹನ್ನೆರಡು ಮೆಗಾಪಿಕ್ಸೆಲ್ಲಿನ ಚಿತ್ರದಲ್ಲಿ ಸಾಮಾನ್ಯವಾಗಿ ಅಡ್ಡಕ್ಕೆ 4000, ಎತ್ತರಕ್ಕೆ 3000 ಪಿಕ್ಸೆಲ್ ಇರುತ್ತವೆ. ಗುಣಿಸಿದರೆ ಒಂದು ಕೋಟಿ ಇಪ್ಪತ್ತು ಲಕ್ಷ. ಓಲೆಯ ಉದ್ದ 18 ಅಂಗುಲ, ಅಗಲ 2 ಅಂಗುಲ ಎಂದಿಟ್ಟುಕೊಳ್ಳಿ. ಇಡೀ ಓಲೆಯನ್ನು ಒಂದೇ ಚಿತ್ರದಲ್ಲಿ ಅಂಚಿನಿಂದ ಅಂಚಿಗೆ ಹಿಡಿದರೆ, ಅಂಗುಲಕ್ಕೆ 222 ಪಿಕ್ಸೆಲ್ ದೊರೆಯುತ್ತವೆ. ಅಗಲಕ್ಕೆ ಸಲ್ಲುವುದು 444 ಮಾತ್ರ. ಅಂದರೆ ಓಲೆಯ ಪಾಲಿಗೆ ಬಂದದ್ದು ಸುಮಾರು ಹದಿನೆಂಟು ಲಕ್ಷ. ಉಳಿದ ಒಂದು ಕೋಟಿಗೂ ಮೀರಿದ ಪಿಕ್ಸೆಲ್ಲುಗಳು ಕೆಳಗೆ ಹಾಸಿದ ಬಟ್ಟೆಯ ಚಿತ್ರಕ್ಕೆ ವ್ಯಯವಾದವು.

ಅಕ್ಷರದ ಎತ್ತರ ಮೂರು ಮಿಲಿಮೀಟರ್ ಇದ್ದರೆ ಅದಕ್ಕೆ ಸಿಗುವುದು ಸುಮಾರು 26 ಪಿಕ್ಸೆಲ್. ಕಂಟದಿಂದ ಕೊರೆದ ಗೆರೆಗೆ ಎರಡೋ ಮೂರೋ. ಓದಲು ಇದು ಹೇಗೋ ಸಾಕಾಗುತ್ತದೆ. ಆದರೆ ಇದೇ ಚಿತ್ರವನ್ನು ಮೊಬೈಲಿನ ಸಂದೇಶದಲ್ಲಿ ಕಳುಹಿಸಿದಾಗ ಅದು ಕುಗ್ಗಿ, ಉದ್ದಕ್ಕೆ 1600 ಪಿಕ್ಸೆಲ್ಲಿಗೆ ಇಳಿಯಿತೆನ್ನಿ. ಆಗ ಅಕ್ಷರಕ್ಕೆ ಹತ್ತು, ಗೆರೆಗೆ ಒಂದು ಪಿಕ್ಸೆಲ್ ಉಳಿಯುತ್ತದೆ. ‘ಪ’ಕಾರಕ್ಕೂ ‘ಷ’ಕಾರಕ್ಕೂ ನಡುವಿನ ಭೇದ ಒಳಗಿನ ಒಂದು ಪುಟ್ಟ ಗೆರೆಯಷ್ಟೆ. ಆ ಗೆರೆ ಅಳಿಸಿಹೋದರೆ ಹುಟ್ಟುವ ಪಾಠಾಂತರ ಲಿಪಿಕಾರನದಲ್ಲ, ಚಿತ್ರದ್ದು. ಅಡಿಟಿಪ್ಪಣಿಯಲ್ಲಿ ಅದು ಪ್ರತಿಯ ಪಾಠವೆಂದೇ ದಾಖಲಾಗುವುದು ನಿಜವಾದ ಅಪಾಯ.

ಹೆಚ್ಚು ಮೆಗಾಪಿಕ್ಸೆಲ್ಲಿನ ಕ್ಯಾಮರಾ ಕೊಳ್ಳುವುದು ಪರಿಹಾರವೆಂದು ತೋರಬಹುದು. ಆದರೆ ಮೆಗಾಪಿಕ್ಸೆಲ್ ಕ್ಷೇತ್ರಫಲದ ಎಣಿಕೆ. ಹನ್ನೆರಡು ನಲವತ್ತೆಂಟಾದರೆ ಎಣಿಕೆ ನಾಲ್ಕು ಪಟ್ಟಾಗುತ್ತದೆ. ಉದ್ದಕ್ಕೆ ಸಿಗುವ ಪಿಕ್ಸೆಲ್ ಎರಡೇ ಪಟ್ಟು, 4000ದಿಂದ 8000ಕ್ಕೆ. ಅದಕ್ಕಿಂತ ಸುಲಭದ ದಾರಿ ಓಲೆಯನ್ನು ಮೂರು ಭಾಗವಾಗಿ ತೆಗೆಯುವುದು. ಒಂದೊಂದು ಚಿತ್ರದಲ್ಲಿ ಏಳು ಅಂಗುಲ ಬರಲಿ, ಪಕ್ಕದ ಭಾಗದೊಡನೆ ಒಂದೂವರೆ ಅಂಗುಲ ಅತಿಕ್ರಮಿಸಲಿ. ಆಗ ಹಳೆಯ ಕ್ಯಾಮರಾದಲ್ಲೇ ಅಂಗುಲಕ್ಕೆ 571 ಪಿಕ್ಸೆಲ್, ಅಕ್ಷರಕ್ಕೆ 67. ಆದರೆ ಕೈ ನಡುಗಿದರೆ, ಓಲೆ ಬಾಗಿ ಒಂದು ತುದಿ ಮಸುಕಾದರೆ ಈ ಎಣಿಕೆ ವ್ಯರ್ಥ. ಆದುದರಿಂದ ಚಿತ್ರವನ್ನು ಪರದೆಯ ಮೇಲೆ ಪೂರ್ಣಗಾತ್ರಕ್ಕೆ ಹಿಗ್ಗಿಸಿ, ಎರಡು ತುದಿಗಳ ಅಕ್ಷರಗಳನ್ನೂ ನೋಡಿದ ಮೇಲೆಯೇ ಓಲೆಯನ್ನು ಕಟ್ಟಿಡಬೇಕು.

ಇನ್ನು ಮುದ್ರಣ. ಮುದ್ರಣಾಲಯದವರು ಅಂಗುಲಕ್ಕೆ 300 ಪಿಕ್ಸೆಲ್ ಬೇಕೆನ್ನುತ್ತಾರೆ. ಪುಸ್ತಕವನ್ನು ಕೈಯಲ್ಲಿ ಹಿಡಿದು ಓದುವ ದೂರಕ್ಕೆ ಇದು ಒಪ್ಪಿತ ಪ್ರಮಾಣ. 4000ವನ್ನು 300ರಿಂದ ಭಾಗಿಸಿದರೆ ಹದಿಮೂರು ಅಂಗುಲ ಅಗಲದ ಮುದ್ರಣ ಸಾಧ್ಯ. ಕೆಲವರು ಕಂಪ್ಯೂಟರಿನಲ್ಲಿ 72 ಎಂದಿದ್ದುದನ್ನು 300 ಎಂದು ತಿದ್ದಿ ಕಳುಹಿಸುತ್ತಾರೆ. ಅದರಿಂದ ಒಂದು ಪಿಕ್ಸೆಲ್ಲೂ ಹೆಚ್ಚುವುದಿಲ್ಲ, ಹಣೆಪಟ್ಟಿ ಬದಲಾಗುತ್ತದೆ ಅಷ್ಟೆ. ತಂತ್ರಾಂಶದಿಂದ ಪಿಕ್ಸೆಲ್ ಹೆಚ್ಚಿಸಿದರೂ ಅವು ನೆರೆಯ ಚುಕ್ಕೆಗಳಿಂದ ಊಹಿಸಿ ತುಂಬಿದವು. ಸಂಪಾದಕನು ತ್ರುಟಿತ ಸ್ಥಳದಲ್ಲಿ ಊಹಿಸಿ ಸೇರಿಸಿದ ಅಕ್ಷರಗಳಿದ್ದಂತೆ, ಆವರಣಚಿಹ್ನೆಯೂ ಇಲ್ಲದೆ.

ಸಾಕಷ್ಟು ಪಿಕ್ಸೆಲ್ ಇದ್ದರೂ ಮುದ್ರಣ ಸೋಲಬಹುದು. ಐದು ಅಂಗುಲ ಅಗಲದ ಪುಟಕ್ಕೆ ಇಡೀ ಓಲೆಯನ್ನು ಹೊಂದಿಸಲು 1500 ಪಿಕ್ಸೆಲ್ ಸಾಕು; ಆದರೆ ಮೂರು ಮಿಲಿಮೀಟರಿನ ಅಕ್ಷರ ಅಲ್ಲಿ ಒಂದು ಮಿಲಿಮೀಟರಿಗೂ ಕಡಿಮೆಯಾಗುತ್ತದೆ. ಚಿತ್ರ ಅಂದವಾಗಿರುತ್ತದೆ, ಓದಲಾಗುವುದಿಲ್ಲ. ಓಲೆಯನ್ನು ನಾಲ್ಕೂವರೆ ಅಂಗುಲದ ನಾಲ್ಕು ತುಂಡುಗಳಾಗಿ ಒಂದರ ಕೆಳಗೊಂದು ಅಚ್ಚುಹಾಕಿದರೆ ಅಕ್ಷರ ತನ್ನ ನಿಜಗಾತ್ರದಲ್ಲಿ ಉಳಿಯುತ್ತದೆ. ಅದಕ್ಕೆ ಓಲೆಯ ಉದ್ದಕ್ಕೆ 5400 ಪಿಕ್ಸೆಲ್ ಬೇಕು. ಒಂದೇ ಚಿತ್ರದ 4000 ಅದಕ್ಕೆ ಸಾಲದು. ಮೂರು ಭಾಗವಾಗಿ ತೆಗೆದ ಚಿತ್ರಗಳಲ್ಲಿ ಹತ್ತು ಸಾವಿರ ಇವೆ. ಓಲೆ ಶಿಥಿಲವಾಗುವ ಮುನ್ನ, ಮುದ್ರಣದ ಅಳತೆಯನ್ನು ಮೊದಲು ನಿರ್ಧರಿಸಿ ಆಮೇಲೆ ಕ್ಯಾಮರಾ ಹಿಡಿಯಬೇಕೆಂದು ನಾನು ಹೇಳುವುದು ಇದಕ್ಕಾಗಿಯೇ.